ಸೂಡಿಯ ಬಿಸಿಲು, ಗಜೇಂದ್ರಗಡದ ಗಾಳಿ

ಚಲನಚಿತ್ರ ತಂಡದವರು ಸ್ಥಳ ನೋಡಿಬರಲು ಕಳುಹಿಸಿದ ಮನುಷ್ಯ ಸಾಮಾನ್ಯವಾಗಿ ನೂರಾರು ಭಾವಚಿತ್ರಗಳನ್ನು ತೆಗೆದುಕೊಂಡು ಹಿಂದಿರುಗುತ್ತಾನೆ. ಚಿತ್ರಗಳೆಲ್ಲ ಚೆಲುವಾಗಿಯೇ ಇರುತ್ತವೆ. ಆದರೆ ಅವುಗಳಲ್ಲಿ ಕಾಣದಿರುವುದನ್ನು ಬರೆಯುವುದಕ್ಕೇ ಅವನ ವರದಿ ಇರುವುದು. ರೋಣ, ನರಗುಂದ, ಗಜೇಂದ್ರಗಡಗಳಿಗೆ ಡಿಸೆಂಬರಿನಲ್ಲಿ ಹೋದ ತರುಣನೊಬ್ಬನಿಗೆ ಇದು ಚೆನ್ನಾಗಿ ತಿಳಿದಿತ್ತು. ಕಥೆ ಹಳೆಯ ಕಾಲದ್ದು. ಚಿತ್ರೀಕರಣ ಮೇ ತಿಂಗಳ ಮೊದಲ ವಾರದಲ್ಲಿ.

ಸೂಡಿಯ ನಾಗಕುಂಡ ಅವನನ್ನು ಮೊದಲು ಸೆಳೆಯಿತು. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಆಳ್ವಿಕೆಯಲ್ಲಿ ಮೆರೆದ ಊರದು. ಕುಂಡದ ಮೆಟ್ಟಿಲುಗಳ ಮೇಲೆ ನಾಯಕಿ ಇಳಿದು ಬರುವ ದೃಶ್ಯವನ್ನು ಯಾರೂ ಊಹಿಸಿಕೊಂಡಾರು. ಆದರೆ ಅವಳ ಮುಖದ ಮೇಲೆ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ?

ಈ ಸೀಮೆಯಲ್ಲಿ ಡಿಸೆಂಬರಿನ ಸೂರ್ಯ ಮಧ್ಯಾಹ್ನದಲ್ಲಿಯೂ ದಕ್ಷಿಣಕ್ಕೆ ವಾಲಿರುತ್ತಾನೆ. ಕ್ಷಿತಿಜದಿಂದ ಅವನ ಎತ್ತರ ಸುಮಾರು ೫೧ ಡಿಗ್ರಿ. ಕೊಳವೊಂದು ೨೦ ಅಡಿ ಆಳವಿದೆಯೆಂದಿಟ್ಟುಕೊಂಡರೆ, ದಕ್ಷಿಣದ ಗೋಡೆಯ ನೆರಳು ತಳದಲ್ಲಿ ೧೬ ಅಡಿಯಷ್ಟು ಚಾಚಿರುತ್ತದೆ; ಉತ್ತರದ ಮೆಟ್ಟಿಲುಗಳು ಮಾತ್ರ ಬೆಳಗುತ್ತವೆ. ತರುಣ ಕಂಡದ್ದು ಈ ಸೊಗಸಾದ ಓರೆಬಿಸಿಲನ್ನೇ. ಮೇ ಮೊದಲ ವಾರದಲ್ಲಾದರೋ ಸೂರ್ಯ ಇಲ್ಲಿ ನಡುನೆತ್ತಿಗೆ ಬರುತ್ತಾನೆ. ಆಗ ಗೋಡೆಗೆ ನೆರಳೇ ಇರುವುದಿಲ್ಲ. ನಟಿಯ ಹುಬ್ಬಿನ ನೆರಳು ಮಾತ್ರ ಕಣ್ಣಿನ ಮೇಲೆ ಬಿದ್ದು ಎರಡು ಕಪ್ಪು ಗುಳಿಗಳಾಗುತ್ತವೆ. ಅದೂ ಗಡಿಯಾರದ ಹನ್ನೆರಡಕ್ಕಲ್ಲ: ನಮ್ಮ ಗಡಿಯಾರಗಳು ಈ ಊರಿಗಿಂತ ಬಹಳ ಪೂರ್ವದ ರೇಖೆಯೊಂದನ್ನು ಅನುಸರಿಸುವುದರಿಂದ, ಇಲ್ಲಿಯ ನಿಜವಾದ ಮಧ್ಯಾಹ್ನ ೧೨.೨೫ರ ಸುಮಾರಿಗೆ. ಸೂರ್ಯೋದಯದ ಸ್ಥಾನವೂ ಅಷ್ಟರಲ್ಲಿ ಸುಮಾರು ೪೦ ಡಿಗ್ರಿ ಉತ್ತರಕ್ಕೆ ಸರಿದಿರುತ್ತದೆ. ಡಿಸೆಂಬರಿನ ಮುಂಜಾವಿನಲ್ಲಿ ಅಡ್ಡ ಬಾರದ ಬೇವಿನ ಮರವೊಂದು ಮೇಯಲ್ಲಿ ಎಳೆಬಿಸಿಲಿಗೆ ಅಡ್ಡವಾಗಬಹುದು. ಆದ್ದರಿಂದ ಅವನು ದಿಕ್ಸೂಚಿ ಹಿಡಿದು ಮರ, ಮನೆ, ಗೋಪುರಗಳ ದಿಕ್ಕುಗಳನ್ನೆಲ್ಲ ಗುರುತಿಸಿಕೊಂಡ. "ಬೆಳಿಗ್ಗೆ ಹತ್ತರೊಳಗೆ, ಇಲ್ಲವೆ ಮೂರೂವರೆಯ ನಂತರ" ಎಂದು ಬರೆದ. ತಾರೀಖಿಲ್ಲದ ಬೆಳಕಿನ ವರ್ಣನೆ ಕವಿತೆಗೆ ಸರಿ, ವರದಿಗೆ ಸಲ್ಲದು.

ಸದ್ದಿನ ಪರೀಕ್ಷೆಗೆ ಕಣ್ಣು ಮುಚ್ಚಿ ಐದು ನಿಮಿಷ ಕುಳಿತುಕೊಳ್ಳುವುದಕ್ಕಿಂತ ಉತ್ತಮವಾದ ಉಪಾಯವಿಲ್ಲ. ಹಾಗೆ ಕುಳಿತಿದ್ದವನನ್ನು ಕಂಡು ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು, "ಈಗೇನು ಕೇಳತೀರಿ, ತಮ್ಮಾ? ಸಂಜೀ ಐದಕ್ಕ ಬರ್ರಿ, ಗಿರಣಿ ಚಾಲೂ ಆಗತೈತಿ" ಎಂದರು. ಅವನು ಐದಕ್ಕೆ ಮತ್ತೆ ಬಂದ. ಹಿಟ್ಟಿನ ಗಿರಣಿ ನಿಜವಾಗಿಯೂ ಗುಡುಗುತ್ತಿತ್ತು. ಅಂದರೆ, ಸಂಜೆಯ ಒಳ್ಳೆಯ ಬೆಳಕಿನಲ್ಲಿ ಒಳ್ಳೆಯ ಮಾತು ಸಿಕ್ಕದು! ಮಾತಿನ ದೃಶ್ಯಗಳನ್ನು ಬೆಳಗಿಗೂ ಮಾತಿಲ್ಲದವನ್ನು ಸಂಜೆಗೂ ಇಡಬೇಕೆಂದು ವರದಿ ಹೇಳಿತು.

ಗಜೇಂದ್ರಗಡದ ಗುಡ್ಡದಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿಯ ಗಾಳಿಯಂತ್ರಗಳ ಸದ್ದನ್ನು ದೂರದಿಂದ ತಪ್ಪಿಸಿಕೊಳ್ಳಬಹುದು, ರೂಪವನ್ನು ತಪ್ಪಿಸಿಕೊಳ್ಳಲಾಗದು. ಹಳೆಯ ಕಾಲದ ಕುದುರೆ ಸವಾರನ ಹಿಂದೆ ಬಿಳಿಯ ರೆಕ್ಕೆಗಳು ತಿರುಗುತ್ತಿದ್ದರೆ ನೋಡುವವರು ನಕ್ಕಾರು. ಕ್ಯಾಮೆರಾ ಯಾವ ದಿಕ್ಕಿಗೆ ಮುಖ ಮಾಡಿದರೆ ಅವು ಕಾಣುವುದಿಲ್ಲ ಎಂಬುದನ್ನು ಅವನು ನಕಾಶೆಯ ಮೇಲೆ ಗೆರೆ ಎಳೆದು ತೋರಿಸಿದ. ನರಗುಂದದ ಕೋಟೆಗುಡ್ಡ ೧೮೫೮ರ ಬಂಡಾಯದ ನೆನಪನ್ನು ಹೊತ್ತುನಿಂತಿದೆ. ಆದರೆ ಮೇಲೆ ಏರಿಸಬೇಕಾದ ಪ್ರತಿಯೊಂದು ಪೆಟ್ಟಿಗೆಗೂ ಹೆಗಲು ಬೇಕು. ಆಳುಗಳ ಲೆಕ್ಕ ಹಾಕದೆ ಆ ಸ್ಥಳವನ್ನು ಒಪ್ಪಲಾಗದು.

ವಿದ್ಯುತ್ತಿನ ವಿಷಯದಲ್ಲಿ ಊರವರ "ಕರೆಂಟು ಐತ್ರೀ" ಎಂಬ ಮಾತು ಸಾಲದು. ೨,೦೦೦ ವಾಟಿನ ಒಂದು ದೀಪ ೨೩೦ ವೋಲ್ಟಿನಲ್ಲಿ ಸುಮಾರು ೯ ಆಂಪಿಯರ್ ಎಳೆಯುತ್ತದೆ. ಅಂಥ ಎರಡನ್ನು ಸಾಧಾರಣ ಮನೆಯ ತಂತಿಗೆ ಸಿಕ್ಕಿಸಿದರೆ ಫ್ಯೂಸು ಹೋಗುವುದೇ ಸೈ. ತೋಟದ ಪಂಪುಗಳು ಓಡುವಾಗ ವೋಲ್ಟೇಜು ಇಳಿಯುತ್ತದೆಯೇ ಎಂಬುದನ್ನು ಅವು ಓಡುತ್ತಿರುವಾಗಲೇ ಅಳೆಯಬೇಕು. ಕೊನೆಗೆ ಜನರೇಟರೇ ಗತಿ. ಅದನ್ನು ಗೋಡೆಯ ಹಿಂದೆ, ಗಾಳಿ ಬೀಸಿಹೋಗುವ ಕಡೆಗೆ, ದೂರದಲ್ಲಿ ನಿಲ್ಲಿಸಬೇಕು. ಆದರೆ ಇದು ಎರೆಭೂಮಿ. ಮೇ ತಿಂಗಳ ಒಂದು ಅಡ್ಡಮಳೆ ಸುರಿದರೆ ಬಿರುಕುಬಿಟ್ಟ ನೆಲ ಅಂಟಾಗಿ ಗಾಡಿಯ ಗಾಲಿಯನ್ನು ಹಿಡಿದುಬಿಡುತ್ತದೆ. ಆದಕಾರಣ ಹೊಲವನ್ನು ಬಿಟ್ಟು ಗಟ್ಟಿರಸ್ತೆಯ ಅಂಚನ್ನೇ ಆರಿಸಿದ. ಬೇಕಾಗುವ ಹೆಚ್ಚಿನ ಕೇಬಲ್ಲನ್ನು ಹೆಜ್ಜೆ ಹಾಕಿ ಅಳೆದ.

ಅನುಮತಿಗೆ ಪಂಚಾಯತಿಯ ಅಧ್ಯಕ್ಷರ ನಗುಮುಖವೊಂದೇ ಸಾಕೆಂದು ತಿಳಿಯಬಾರದು. ಗುಡಿಯ ಮುಂದೆ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಫಲಕವಿದ್ದರೆ ೧೯೫೯ರ ನಿಯಮಗಳಂತೆ ಚಿತ್ರೀಕರಣಕ್ಕೆ ಪರವಾನಗಿ ಬೇಕು. ಅದು ದೊರೆಯದೆ ತಾರೀಖು ಗೊತ್ತುಮಾಡುವುದು ಹುಡುಗಾಟ. ಪೂಜೆ ನಡೆಯುವ ಗುಡಿಯಾದರೆ ಅರ್ಚಕರನ್ನೂ ಕೇಳಿ, ಜಾತ್ರೆಯ ದಿನಗಳನ್ನು ಬರೆದುಕೊಳ್ಳಬೇಕು.

ಉಳಿದದ್ದು ಸೌಕರ್ಯಗಳ ಪಟ್ಟಿ. ಆಸ್ಪತ್ರೆ ಎಷ್ಟು ಮೈಲಿ ಎಂದು ಬರೆಯುವ ಬದಲು, ರಾತ್ರಿ ಅಲ್ಲಿ ವೈದ್ಯರಿರುತ್ತಾರೆಯೇ, ಹೋಗಲು ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಅವನು ಬರೆದ. ಹೆಂಗಸರಿಗೆ ಶೌಚದ ಏರ್ಪಾಡು, ಮೇ ಬಿಸಿಲಿಗೆ ನಲವತ್ತು ಜನರ ಕುಡಿಯುವ ನೀರು, ಊಟಕ್ಕೆ ಜೋಳದ ರೊಟ್ಟಿ ತಟ್ಟಿಕೊಡುವ ಮನೆ — ಎಲ್ಲವೂ ಪಟ್ಟಿಗೆ ಸೇರಿದವು. ರೊಟ್ಟಿಯ ಮನೆಯ ಅಕ್ಕ ಹಿಂದಿನ ದಿನವೇ ಹೇಳಿಕಳಿಸಬೇಕೆಂದು ತಾಕೀತು ಮಾಡಿದ್ದಳು. ಅದನ್ನೂ ಬರೆದುಕೊಂಡು ಅವನು ಗದಗಿನ ಬಸ್ಸು ಹತ್ತಿದ.