ಹೊಸ ರೂಟರ್ ಬಂದ ದಿನವೇ ಡಬ್ಲ್ಯುಪಿಎಸ್ ಆಫ್ ಮಾಡಿ

ನಮ್ಮ ಕಡೆ ಈಗ ಸುಮಾರು ಮನೆಗೆ ಫೈಬರ್ ಬಂದಿದೆ. ಹೆಚ್ಚಿನವರು ಹಾಕಿಸಿಕೊಂಡಿದ್ದು ಮಕ್ಕಳ ಓದಿಗೆ ಅನ್ನೋದಕ್ಕಿಂತ ಅಡಿಕೆ ಅಂಗಳದ ಕ್ಯಾಮೆರಾಕ್ಕೆ ಅಂದ್ರೆ ತಪ್ಪಾಗಲ್ಲ. ಕ್ಯಾಮೆರಾಕ್ಕೆ ಸಿಗ್ನಲ್ ಸಿಗಲಿ ಅಂತ ರೂಟರ್ ಜಗುಲಿ ಕಿಟಕಿ ಹತ್ರ ಇಟ್ಟಿರ್ತೀವಿ. ಅಂಗಳಕ್ಕೆ ಹೋಗೋ ಸಿಗ್ನಲ್ ರಸ್ತೆಗೂ ಹೋಗುತ್ತೆ. ಹಾಗಾಗಿ ರಸ್ತೇಲಿ ನಿಂತವನು ನಮ್ಮ ವೈಫೈ ಒಳಗೆ ಬರೋ ಹಾಗಿದೆಯೋ ಇಲ್ವೋ ಅಂತ ನೋಡ್ಕೊಳ್ಳೋದು ಬೇಲಿ ನೋಡ್ಕೊಂಡಷ್ಟೇ ಮುಖ್ಯ.

ಹೋದ ತಿಂಗಳು ಸಿಡಿಲಿಗೆ ನಮ್ಮನೆ ಡಬ್ಬಿ ಸುಟ್ಟು ಹೊಸದು ಬಂತು. ಹಾಕೋಕೆ ಬಂದ ಹುಡುಗ ಕ್ಯಾಮೆರಾ ತಾಗಿಸುವಾಗ ಹಿಂದಿನ ಒಂದು ಬಟನ್ ಒತ್ತಿದ. "ಅಣ್ಣಾ, ಪಾಸ್‌ವರ್ಡ್ ಏನೂ ಬೇಡ, ಇದೊಂದು ಒತ್ತಿದ್ರೆ ಸಾಕು" ಅಂದ. ಆ ಬಟನ್ನೇ ಡಬ್ಲ್ಯುಪಿಎಸ್, ಡಬ್ಬಿ ಮೇಲೆ WPS ಅಂತ ಬರೆದಿರುತ್ತೆ. "ಕೆಲಸ ಆದ್ಮೇಲೆ ಇದನ್ನ ಆಫ್ ಮಾಡ್ತೀಯೇನಪ್ಪ?" ಅಂದೆ. "ಅದು ಎಲ್ಲರ ಮನೇಲೂ ಆನ್ ಇರುತ್ತಣ್ಣ, ಏನೂ ಆಗಲ್ಲ" ಅಂದ. ಅವನು ಹೋದ್ಮೇಲೆ ಕೂತು ನಾನೇ ಆಫ್ ಮಾಡಿದೆ. ಯಾಕೆ ಅಂತ ಮೊದಲು ಹೇಳ್ತೀನಿ.

ಬಟನ್ ಒತ್ತೋದು ಅಷ್ಟೊಂದು ಅಪಾಯದ್ದಲ್ಲ. ಒತ್ತಿದ ಮೇಲೆ ಎರಡು ನಿಮಿಷ ಮಾತ್ರ ಬಾಗಿಲು ತೆರೆದಿರುತ್ತೆ, ಆಮೇಲೆ ತಾನೇ ಮುಚ್ಚುತ್ತೆ. ತೊಂದರೆ ಇರೋದು ಅದರ ಜೊತೆಗೇ ಬರೋ ಪಿನ್ ನಂಬರಲ್ಲಿ. ಡಬ್ಬಿ ಬುಡದ ಲೇಬಲ್ ನೋಡಿ, ಹೆಚ್ಚಿನವುಗಳಲ್ಲಿ ಎಂಟು ಅಂಕಿಯ ಒಂದು ಪಿನ್ ಇರುತ್ತೆ. ಆ ಪಿನ್ ಗೊತ್ತಿದ್ದವನಿಗೆ ರೂಟರ್ ತಾನಾಗಿಯೇ ವೈಫೈ ಪಾಸ್‌ವರ್ಡ್ ಹೇಳಿಬಿಡುತ್ತೆ. ಅದು ಎರಡು ನಿಮಿಷದ ಲೆಕ್ಕವಲ್ಲ, ಹಗಲೂ ರಾತ್ರಿ ತೆರೆದೇ ಇರುತ್ತೆ.

ಎಂಟು ಅಂಕಿ ಅಂದ್ರೆ ಹತ್ತು ಕೋಟಿ ನಂಬರ್, ಯಾರು ಹುಡುಕ್ತಾರೆ ಅನ್ನಬಹುದು. ಆದ್ರೆ ಕೊನೇ ಅಂಕಿ ಉಳಿದ ಏಳರಿಂದ ಲೆಕ್ಕ ಹಾಕಿ ಬರೋದು, ಅದನ್ನ ಹುಡುಕೋದೇ ಬೇಡ. ಉಳಿದ ಏಳನ್ನ ರೂಟರ್ ಒಟ್ಟಿಗೆ ನೋಡಲ್ಲ. ಮೊದಲ ನಾಲ್ಕು ತಪ್ಪಿದ್ರೆ ಅಲ್ಲೇ ತಪ್ಪು ಅಂತ ಹೇಳುತ್ತೆ. ಸರಿ ಇದ್ರೆ ಮಾತ್ರ ಮುಂದಿನದಕ್ಕೆ ಹೋಗುತ್ತೆ. ಅಂದ್ರೆ ಮೊದಲ ಅರ್ಧಕ್ಕೆ ಹೆಚ್ಚೆಂದ್ರೆ 10,000 ಸಲ, ಎರಡನೇ ಅರ್ಧಕ್ಕೆ 1,000 ಸಲ, ಒಟ್ಟು 11,000 ಸಲ ಪ್ರಯತ್ನ ಮಾಡಿದ್ರೆ ಸಾಕು. ಒಂದಕ್ಕೆ ಎರಡು ಸೆಕೆಂಡ್ ಹಿಡಿದ್ರೂ ಆರು ಗಂಟೆ ಚಿಲ್ಲರೆ. ಕಂಪ್ಯೂಟರ್ ತಾನೇ ಮಾಡ್ತಾ ಕೂರುತ್ತೆ, ಮನುಷ್ಯ ಮಲಗಬಹುದು. ಈ ದೋಷವನ್ನ 2011ರಲ್ಲಿ ಸ್ಟೀಫನ್ ವಿಬೋಕ್ ಅನ್ನೋರು ಲೋಕಕ್ಕೆ ತಿಳಿಸಿದ್ರು.

ಆಮೇಲೆ ಬಂದ ಹಲವು ರೂಟರ್‌ಗಳು ನಾಲ್ಕಾರು ಸಲ ತಪ್ಪು ಪಿನ್ ಬಂದ್ರೆ ಸ್ವಲ್ಪ ಹೊತ್ತು ಬೀಗ ಹಾಕ್ಕೊಳ್ಳುತ್ವೆ. ಆದ್ರೆ 2014ರಲ್ಲಿ ಇನ್ನೊಂದು ದಾರಿ ಸಿಕ್ತು. ಕೆಲವು ರೂಟರ್‌ಗಳು ಗುಟ್ಟಿನ ಸಂಖ್ಯೆಗಳನ್ನ ಸರಿಯಾಗಿ ಕಲಸೋದಿಲ್ಲ. ಅಂಥದರ ಜೊತೆ ಒಂದೇ ಸಲ ಮಾತಾಡಿ, ಉಳಿದ ಲೆಕ್ಕ ತನ್ನ ಕಂಪ್ಯೂಟರಲ್ಲೇ ಮಾಡಿ ಪಿನ್ ತೆಗೀಬಹುದು. ಬೀಗ ಹಾಕ್ಕೊಳ್ಳೋದಕ್ಕೆ ಅವಕಾಶವೇ ಸಿಗಲ್ಲ.

ನಮಗೆ ಮುಖ್ಯವಾದ ಮಾತು ಇಲ್ಲಿದೆ. ನೀವು ಎಷ್ಟು ಉದ್ದದ ಪಾಸ್‌ವರ್ಡ್ ಇಟ್ರೂ ಪಿನ್ ಬೇರೆಯೇ. ಪಾಸ್‌ವರ್ಡ್ ಬದಲಾಯಿಸಿದ್ರೆ ಅದೇ ಹಳೇ ಪಿನ್ ಹೊಸ ಪಾಸ್‌ವರ್ಡನ್ನೂ ಹೇಳುತ್ತೆ. ಹಾಗಾಗಿ ಮೊದಲು ಡಬ್ಲ್ಯುಪಿಎಸ್ ಆಫ್, ಆಮೇಲೆ ಪಾಸ್‌ವರ್ಡ್ ಬದಲಾವಣೆ. ಈ ಕ್ರಮ ತಪ್ಪಿಸಬೇಡಿ.

ಮಾಡೋದು ಹೀಗೆ. ಮೊಬೈಲನ್ನ ಮನೆ ವೈಫೈಗೆ ಸೇರಿಸಿ, ಮೊಬೈಲ್ ಡೇಟಾ ಆಫ್ ಮಾಡಿ. ಬ್ರೌಸರ್‌ನಲ್ಲಿ ಲೇಬಲ್ ಮೇಲಿರೋ ವಿಳಾಸ ಟೈಪ್ ಮಾಡಿ. ಸಾಮಾನ್ಯವಾಗಿ ಇದು ಇರುತ್ತೆ:

```
192.168.1.1
```

ಯೂಸರ್ ನೇಮ್, ಪಾಸ್‌ವರ್ಡ್ ಕೂಡ ಲೇಬಲ್ ಮೇಲಿರುತ್ತೆ. ಒಳಗೆ Wireless ಅಥವಾ WLAN ಅನ್ನೋ ಕಡೆ ಹೋದ್ರೆ WPS ಸಿಗುತ್ತೆ. Disable ಮಾಡಿ, Save ಅಥವಾ Apply ಒತ್ತಿ. ಒತ್ತದೇ ಹೊರಗೆ ಬಂದ್ರೆ ಹಳೇದೇ ಉಳಿಯುತ್ತೆ.

ಇಷ್ಟಕ್ಕೇ ನಂಬಬೇಡಿ, ಪರೀಕ್ಷೆ ಮಾಡಿ. ಆಂಡ್ರಾಯ್ಡ್ ಫೋನಲ್ಲಿ ವೈಫೈ ಅನಲೈಸರ್ ತರಹದ ಆಪ್ ಹಾಕ್ಕೊಂಡು, ಲೊಕೇಶನ್ ಆನ್ ಮಾಡಿ ನೋಡಿದ್ರೆ ನಿಮ್ಮ ವೈಫೈ ಹೆಸರಿನ ಜೊತೆ ಇಂಥದೊಂದು ಸಾಲು ಬರುತ್ತೆ:

```
[WPA2-PSK-CCMP][WPS][ESS]
```

ಆಫ್ ಆಗಿದ್ರೆ ಅದರಲ್ಲಿ WPS ಅನ್ನೋದು ಇರಬಾರದು. ನಮ್ಮನೇಲಿ ನೋಡಿದಾಗ 2.4 ಗಿಗಾಹರ್ಟ್ಸ್‌ನ ವೈಫೈಲಿ ಹೋಗಿತ್ತು, 5 ಗಿಗಾಹರ್ಟ್ಸ್‌ದರಲ್ಲಿ ಹಾಗೇ ಇತ್ತು. ಎರಡಕ್ಕೂ ಬೇರೆ ಬೇರೆ ಮೆನು ಇತ್ತು, ಎರಡನೇದಕ್ಕೂ ಹೋಗಿ ಆಫ್ ಮಾಡಿದ ಮೇಲೇ ಪೂರ್ತಿ ಹೋಯ್ತು. ಕ್ಯಾಮೆರಾಕ್ಕೆ ಏನೂ ಆಗಲಿಲ್ಲ, ಒಮ್ಮೆ ಸೇರಿದ ಯಂತ್ರಕ್ಕೆ ಡಬ್ಲ್ಯುಪಿಎಸ್ ಮತ್ತೆ ಬೇಕಾಗಲ್ಲ. ಕೆಲವು ಹಳೇ ಡಬ್ಬಿಗಳಲ್ಲಿ ಮೆನುವಲ್ಲಿ ಆಫ್ ಅಂದ್ರೂ ಒಳಗೆ ಆನ್ ಇರೋದುಂಟು. ಆಪ್‌ನಲ್ಲಿ ಇನ್ನೂ ಕಾಣ್ತಿದ್ರೆ ಕಂಪನಿಯವರಿಗೆ ಹೇಳಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿಸಿ. ಅದಕ್ಕೂ ಆಗದಿದ್ರೆ ಡಬ್ಬಿ ಬದಲಾಯಿಸೋದೇ ದಾರಿ.

ಒಳಗೆ ಹೋದಾಗಲೇ ಇನ್ನೆರಡು ಕೆಲಸ ಮುಗಿಸಿ. ಒಂದು, ರೂಟರ್ ಒಳಗೆ ಹೋಗೋ ಪಾಸ್‌ವರ್ಡ್. ಇದು ವೈಫೈ ಪಾಸ್‌ವರ್ಡ್ ಅಲ್ಲ, ಬೇರೆ. ಬಹಳ ಕಡೆ admin ಅಂತಲೇ ಇರುತ್ತೆ. ನಿಮ್ಮ ವೈಫೈ ಬಳಸೋ ಯಾರೇ ಆದ್ರೂ ಅದರಿಂದ ಒಳಗೆ ಹೋಗಿ, ಡಬ್ಲ್ಯುಪಿಎಸ್ ಮತ್ತೆ ಆನ್ ಮಾಡಬಹುದು. ಡಿಎನ್‌ಎಸ್ ಬದಲಾಯಿಸಿ ನಿಮ್ಮನ್ನ ಬ್ಯಾಂಕಿನ ಹೆಸರಿನ ಸುಳ್ಳು ಪೇಜಿಗೆ ಕಳಿಸೋಕೂ ನೋಡಬಹುದು. ಎರಡು, Remote Management ಅನ್ನೋದು. ಇದು ಆನ್ ಇದ್ರೆ ರೂಟರಿನ ಲಾಗಿನ್ ಪೇಜು ಹೊರಗಿನ ಇಂಟರ್ನೆಟ್ಟಿಗೂ ಕಾಣಬಹುದು, ಆಫ್ ಮಾಡಿ. ಅಲ್ಲೇ TR-069 ಅಂತ ಕಂಡ್ರೆ ಅದನ್ನ ಮುಟ್ಟಬೇಡಿ. ಅದು ಕಂಪನಿಯವರು ದೂರದಿಂದ ರಿಪೇರಿ ಮಾಡೋ ದಾರಿ.

ಕೊನೇಲಿ ವೈಫೈ ಪಾಸ್‌ವರ್ಡ್. ಭದ್ರತೆಯ ಜಾಗದಲ್ಲಿ WPA2, AES ಇರಲಿ, ಹೊಸ ಫೋನುಗಳಿದ್ರೆ WPA2/WPA3 ಕೂಡ ಆಗುತ್ತೆ. ಬರೀ WPA3 ಇಟ್ರೆ ಹಳೇ ಕ್ಯಾಮೆರಾ ಸೇರದೇ ಇರಬಹುದು. ಪಾಸ್‌ವರ್ಡಿಗೆ ಮೊಬೈಲ್ ನಂಬರ್ ಬೇಡ, ಅದು ಊರಿಗೆಲ್ಲ ಗೊತ್ತಿರುತ್ತೆ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಪದ ಸೇರಿಸಿ ಇಡಿ. ಬದಲಾಯಿಸಿದ ಮೇಲೆ ಟಿವಿ, ಫೋನು, ಕ್ಯಾಮೆರಾ ಎಲ್ಲಕ್ಕೂ ಹೊಸದನ್ನ ಹಾಕಬೇಕು. ಕ್ಯಾಮೆರಾವನ್ನ ಅದರ ಆಪ್‌ನಿಂದ ಕ್ಯೂಆರ್ ತೋರಿಸಿ ಸೇರಿಸಬಹುದು, ಬಟನ್ ಬೇಡ. ಕ್ಯಾಮೆರಾದ ಸ್ವಂತ ಪಾಸ್‌ವರ್ಡೂ ಬದಲಾಯಿಸಿ. ಇಲ್ಲದಿದ್ರೆ ಅಂಗಳದಲ್ಲಿ ಎಷ್ಟು ಅಡಿಕೆ ಹರವಿದೆ, ಮನೇಲಿ ಯಾರೂ ಇಲ್ಲದ ಹೊತ್ತು ಯಾವುದು ಅಂತ ನಾವೇ ಕಳ್ಳನಿಗೆ ತೋರಿಸಿದ ಹಾಗಾಗುತ್ತೆ.

ನಮ್ಮ ಕಡೆಯವರು ನೆನಪಿಡಬೇಕಾದ ಇನ್ನೊಂದು ವಿಷಯ. ರಿಸೆಟ್ ಬಟನ್ ಒತ್ತಿ ಹಿಡಿದ್ರೆ, ಸಿಡಿಲಿಗೆ ಹೋಗಿ ಹೊಸ ಡಬ್ಬಿ ಬಂದ್ರೆ, ಇದೆಲ್ಲ ಮತ್ತೆ ಮೊದಲಿನ ಹಾಗೇ ಆಗುತ್ತೆ. ನಾನು ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಮಾಡಿದ್ದನ್ನೆಲ್ಲ ವರಸೆಯಾಗಿ ಬರೆದಿಟ್ಟಿದ್ದೀನಿ. ಟೆಕ್ನಿಶಿಯನ್ ಬಂದು ಹೋದ ದಿನ ಅದನ್ನ ನೋಡ್ಕೊಂಡು ಆಪ್‌ನಲ್ಲಿ ಒಂದ್ಸಲ ಪರೀಕ್ಷೆ ಮಾಡಿದ್ರೆ ಹತ್ತು ನಿಮಿಷದ ಕೆಲಸ.

ನಿಮ್ಮ ಡಬ್ಬಿಯ ಮೆನು ಬೇರೆ ತರ ಇದ್ದು ಗೊತ್ತಾಗದಿದ್ರೆ ಸ್ಕ್ರೀನಿನ ಫೋಟೋ ಕಳಿಸಿ, ನೋಡಿ ಹೇಳ್ತೀನಿ. ಬುಡದ ಲೇಬಲ್ ಫೋಟೋ ಮಾತ್ರ ಯಾರಿಗೂ ಕಳಿಸಬೇಡಿ, ಪಿನ್ ಇರೋದು ಅದರ ಮೇಲೇ.