ಹದಿನಾರು ದಿನದ ಬೆಲೆ

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ನನ್ನ ಮೇಜಿನ ಮೇಲೆ ಒಂದು ದಪ್ಪ ಪುಸ್ತಕವಿತ್ತು. ಯಾರ ಖಾತೆಯಿಂದ ಯಾವ ತಾರೀಖಿಗೆ ಎಷ್ಟು ಹಣ ತಾನಾಗಿ ಹೋಗಬೇಕು ಎಂಬುದನ್ನು ಅದರಲ್ಲಿ ಬರೆದಿಡುತ್ತಿದ್ದೆವು. ಈಗ ಆ ಕೆಲಸ ಮೊಬೈಲಿಗೆ ಬಂದಿದೆ. ಅದರ ಹೆಸರು ಆಟೊ-ಪೇ. ಇಷ್ಟೆಲ್ಲ ಗೊತ್ತಿದ್ದ ನಾನೇ ಅದರಲ್ಲಿ ಎಡವಿದ ಕಥೆ ಇದು.

ನನಗೂ ನಮ್ಮನೆಯಾಕೆಗೂ ಸೇರಿ ಒಂದು ಆರೋಗ್ಯ ವಿಮೆ ಇದೆ. ಅದರ ವರ್ಷ ಮುಗಿಯುವುದು ಜೂನ್ 10ರ ಮಧ್ಯರಾತ್ರಿ. ಆ ವರ್ಷ ಮೇ ತಿಂಗಳಲ್ಲಿ ಬಂದ ನವೀಕರಣದ ಪತ್ರದಲ್ಲಿ ನಾವು ಕೇಳದ ಒಂದು ಹೆಚ್ಚುವರಿ ಸೌಲಭ್ಯವೂ, ಅದಕ್ಕೆ ಹಣವೂ ಸೇರಿತ್ತು. ‘ಇದನ್ನು ತೆಗೆಸಿ, ನಾನೇ ಕೈಯಾರೆ ಕಟ್ಟುತ್ತೇನೆ’ ಎಂದುಕೊಂಡು ಮೊಬೈಲಿನಲ್ಲಿ ಆಟೊ-ಪೇ ರದ್ದು ಮಾಡಿದೆ. ಹಾಗೆ ಮಾಡಿದ್ದು ತಪ್ಪಲ್ಲ. ಹಣ ಕಡಿತವಾಗುವ ಮೊದಲು ಬರುವ ಸಂದೇಶವನ್ನು ಓದಿ, ಬೇಡವಾದರೆ ನಿಲ್ಲಿಸುವ ಹಕ್ಕು ನಮಗಿದೆ. ಆದರೆ ಆಟೊ-ಪೇ ನಿಲ್ಲಿಸಿದರೆ ನಿಲ್ಲುವುದು ಹಣದ ಓಟ ಮಾತ್ರ. ಬ್ಯಾಂಕಿಗೆ ವಿಮೆಯ ಚಿಂತೆ ಇಲ್ಲ. ಮುಂದಿನ ನೆನಪು ಪೂರಾ ನಮ್ಮ ತಲೆಯ ಮೇಲೆ.

ಅಷ್ಟರಲ್ಲಿ ರಾಮನಗುಳಿಗೆ ಮಳೆ ಹಿಡಿಯಿತು. ಕರೆಂಟು ಹೋಯಿತು, ಅದರ ಹಿಂದೆಯೇ ನೆಟ್‌ವರ್ಕೂ ಹೋಯಿತು. ತೋಟದ ಕೆಲಸದ ಗಡಿಬಿಡಿಯಲ್ಲಿ ಜೂನ್ 10 ಕಳೆದದ್ದೇ ತಿಳಿಯಲಿಲ್ಲ. ಜೂನ್ 19ರ ಬೆಳಿಗ್ಗೆ ನಮ್ಮನೆಯಾಕೆ ಅಂಗಳದ ಹಾವಸೆಯ ಮೇಲೆ ಕಾಲಿಟ್ಟು ಜಾರಿ ಬಿದ್ದಳು. ಮಣಿಕಟ್ಟಿನ ಎಲುಬು ಮುರಿಯಿತು. ಅಂಕೋಲೆಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗಿ ಬಿಲ್ಲು 48,000 ರೂಪಾಯಿ ಬಂತು. ವಿಮೆಯ ಕಾರ್ಡು ಕೊಟ್ಟಾಗ, ‘ಪಾಲಿಸಿ ಮುಗಿದು ಒಂಬತ್ತು ದಿನವಾಯಿತು’ ಎಂಬ ಉತ್ತರ ಬಂತು.

ಅವಳನ್ನು ಮನೆಗೆ ಕರೆತಂದ ಮೇಲೆ, ಜೂನ್ 27ರ ಬೆಳಿಗ್ಗೆ ಪ್ರೀಮಿಯಂ ಕಟ್ಟಿದೆ. ಪಕ್ಕದಲ್ಲಿ ಕುಳಿತಿದ್ದ ಆರನೇ ತರಗತಿಯ ಮೊಮ್ಮಗಳು ಕೇಳಿದಳು, “ಅಜ್ಜ, ಈಗ ಹಣ ಕಟ್ಟಿದಿರಲ್ಲ, ಅಜ್ಜಿಯ ಬಿಲ್ಲಿನ ದುಡ್ಡು ವಾಪಸ್ ಬರ್ತದಾ?”

“ಇಲ್ಲ ಮಗಾ,” ಎಂದೆ. ವರ್ಷಕ್ಕೊಮ್ಮೆ ಕಟ್ಟುವ ಆರೋಗ್ಯ ವಿಮೆಗೆ ವರ್ಷ ಮುಗಿದ ಮೇಲೆ 30 ದಿನದ ವಿನಾಯಿತಿ ಇರುತ್ತದೆ. ಆದರೆ ಅದು ಹಣ ಕಟ್ಟಲು ಸಿಕ್ಕ ಸಮಯವೇ ಹೊರತು ರಕ್ಷಣೆಯ ಸಮಯವಲ್ಲ. ಜೂನ್ 11ರಿಂದ 26ರವರೆಗಿನ ಹದಿನಾರು ದಿನ ನಮಗೆ ವಿಮೆಯೇ ಇರಲಿಲ್ಲ. ಆ ನಡುವೆ ಆದದ್ದರ ಖರ್ಚು ನಮ್ಮದೇ.

“ಹಾಗಾದ್ರೆ ಆ 30 ದಿನ ಯಾತಕ್ಕೆ?” ಎಂದಳು. ಒಳ್ಳೆಯ ಪ್ರಶ್ನೆ. ಅದಕ್ಕೆ ಅವಳ ಶಾಲೆಯ ಲೆಕ್ಕದಲ್ಲೇ ಉತ್ತರ ಹೇಳಿದೆ.

ವಿಮೆ ತೆಗೆದುಕೊಳ್ಳುವ ಮೊದಲೇ ಇದ್ದ ಕಾಯಿಲೆಗೆ ಕಂಪನಿ ಕೂಡಲೇ ಹಣ ಕೊಡುವುದಿಲ್ಲ. ಕೆಲವು ಕಾಲ ಕಾಯಿಸುತ್ತದೆ. 2024ರ ನಿಯಮದ ಪ್ರಕಾರ ಆ ಕಾಯುವಿಕೆ ಹೆಚ್ಚೆಂದರೆ 36 ತಿಂಗಳು. ನಿನ್ನ ಅಜ್ಜಿಗೆ ಮೊದಲಿನಿಂದಲೂ ಸಕ್ಕರೆ ಕಾಯಿಲೆ. ನಮ್ಮ ಪಾಲಿಸಿಯಲ್ಲಿ ಅದಕ್ಕೆ ಮೂರು ವರ್ಷ ಕಾಯಬೇಕು. ಎರಡು ವರ್ಷ ಮುಗಿದಿದೆ. ಅಂದರೆ ಒಂದನೇ, ಎರಡನೇ ತರಗತಿ ಪಾಸಾಗಿ ಈಗ ಮೂರನೆಯದಕ್ಕೆ ಬಂದಿದ್ದಾಳೆ. 30 ದಿನದೊಳಗೆ ಹಣ ಕಟ್ಟಿದ್ದರಿಂದ ಆ ಎರಡು ವರ್ಷ ಉಳಿಯಿತು. ಜುಲೈ 10 ದಾಟಿದ್ದರೆ ಪಾಲಿಸಿ ಸತ್ತುಹೋಗುತ್ತಿತ್ತು. ಹೊಸ ಪಾಲಿಸಿ ಮಾಡಿಸಿದರೆ ಅಜ್ಜಿ ಮತ್ತೆ ಒಂದನೇ ತರಗತಿಗೆ ಹೋಗಿ ಕೂರಬೇಕಿತ್ತು. ಒಂದು ವರ್ಷದ ಬದಲು ಪುನಃ ಮೂರು ವರ್ಷ! ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಏನೂ ಸಿಗದು. ಇನ್ನು ನಮ್ಮ ವಯಸ್ಸಿನವರಿಗೆ ಹೊಸ ಪಾಲಿಸಿ ಕೊಡಲು ಕಂಪನಿ ಒಪ್ಪಲೇಬೇಕೆಂದೂ ಇಲ್ಲ.

ಮೊಮ್ಮಗಳು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದ್ರೆ 48,000 ಹೋಯ್ತು, ಎರಡು ವರ್ಷ ಉಳೀತು,” ಎಂದಳು. ನಾನು ಇಷ್ಟುದ್ದ ಹೇಳಿದ್ದನ್ನು ಅವಳು ಒಂದೇ ಸಾಲಿನಲ್ಲಿ ಮುಗಿಸಿದಳು.

ಈಗ ನಮ್ಮನೆಯಲ್ಲಿ ಒಂದು ಕ್ರಮವಿದೆ. ಆಟೊ-ಪೇ ನಿಲ್ಲಿಸುವುದಾದರೆ ಕಡಿತದ ದಿನಕ್ಕೆ ಕೆಲವು ದಿನ ಮೊದಲೇ ನಿಲ್ಲಿಸಿ, ರದ್ದಾಯಿತೆಂಬ ಸಂದೇಶ ಬಂತೇ ನೋಡುತ್ತೇವೆ. ಬೇರೆ ಕಂಪನಿಗೆ ಹೋಗುವ ಮನಸ್ಸಿದ್ದರೆ ಹಳೆಯದನ್ನು ಬಿಟ್ಟು ಹೊಸದು ಕೊಳ್ಳಬಾರದು. ವರ್ಷ ಮುಗಿಯುವ ಒಂದೂವರೆ ತಿಂಗಳು ಮೊದಲೇ ‘ಪೋರ್ಟ್’ ಮಾಡಿಕೊಡಿ ಎಂದು ಅರ್ಜಿ ಹಾಕಬೇಕು. ಆಗ ಕಾದ ವರ್ಷಗಳೂ ಜೊತೆಗೆ ಬರುತ್ತವೆ. ಹೊಸ ಕಂಪನಿ ಒಪ್ಪಿದ ಪತ್ರ ಕೈಗೆ ಬರದಿದ್ದರೆ, ಹಳೆಯದಕ್ಕೇ ತಾರೀಖಿನೊಳಗೆ ಹಣ ಕಟ್ಟುವುದು.

ಗೋಡೆಯ ಕ್ಯಾಲೆಂಡರಿನಲ್ಲಿ ಮೊಮ್ಮಗಳು ಎರಡು ಕಡೆ ಗುರುತು ಹಾಕಿದ್ದಾಳೆ. ಜೂನ್ 10ಕ್ಕೆ ಕೆಂಪು. ಮೇ 25ಕ್ಕೆ ಹಸಿರು. ಹಸಿರಿನ ಕೆಳಗೆ ‘ಮಳೆ ಬರೋದ್ರೊಳಗೆ’ ಎಂದು ಬರೆದಿದ್ದಾಳೆ. ಅಜ್ಜಿ ಮಾತ್ರ ಅದನ್ನು ನೋಡಿ, “ಅಂಗಳದ ಹಾವಸೆ ತಿಕ್ಕೋದಕ್ಕೂ ಒಂದು ತಾರೀಖು ಬರೀ,” ಎಂದಳು.