ಆ ಕೈ ಯಾರ್ದು?

ತಂಗಿ ಮದುವೆಗೆ ಇನ್ನೆರಡು ವಾರ. "ಅಣ್ಣಾ, ಈ ಮೆಹಂದಿ ನನ್ನ ಕೈಗೆ ಹೆಂಗ್ ಕಾಣುತ್ತೆ, ಕಂಪ್ಯೂಟರಲ್ಲಿ ಹಾಕಿ ತೋರ್ಸು" ಅಂತ ಕೈಯ ಹಿಂಬದಿಯ ಫೋಟೋ ಕಳಿಸಿದಳು.

ಬಿಳಿ ಹಾಳೆಯ ಮೇಲಿದ್ದ ಡಿಸೈನನ್ನು ಫೋಟೋಶಾಪಿನಲ್ಲಿ ಕೈ ಮೇಲಿಟ್ಟು, ಆ ಲೇಯರನ್ನು Multiply ಮಾಡಿದೆ. ಬಿಳಿ ಮಾಯವಾಗಿ ಗೆರೆಗಳಷ್ಟೇ ಉಳಿದವು. ಆದರೂ ಸ್ಟಿಕರ್ ಅಂಟಿಸಿದ ಹಾಗಿತ್ತು. Warp ಬಳಸಿ ಬಳ್ಳಿಯನ್ನು ಬೆರಳಿನ ಗೆಣ್ಣುಗಳ ಮೇಲೆ ಬಾಗಿಸಿದೆ. ಬೆರಳಿನ ಅಂಚಿನಲ್ಲಿ ಚರ್ಮ ಆ ಕಡೆಗೆ ತಿರುಗಿರುತ್ತದಲ್ಲ, ಅಲ್ಲಿ ಹೂಗಳನ್ನು ಕಿರಿದು ಮಾಡಿದೆ.

ಈಗ ಕೂತಿತು, ಆದರೆ ಕಾಣಲಿಲ್ಲ. ನಮ್ಮದು ಕಪ್ಪು ಮೈಬಣ್ಣ. Multiply ಕೆಳಗಿನ ಬಣ್ಣವನ್ನು ಗಾಢ ಮಾಡುತ್ತದೆಯೇ ಹೊರತು ತಿಳಿಯಾಗಿಸೋದಿಲ್ಲ. ನಾನು ಕೊಟ್ಟಿದ್ದ ಕಿತ್ತಳೆಗೆಂಪು ಚರ್ಮದಲ್ಲೇ ಮುಳುಗಿತ್ತು. ಸುಲಭದ ದಾರಿ ಹಿಡಿದೆ: ಕೈಯನ್ನೇ ಬೆಳ್ಳಗೆ ಮಾಡಿ ಕಳಿಸಿದೆ.

"ಚೆನ್ನಾಗಿದೆ. ಆ ಕೈ ಯಾರ್ದು?" ಅಂದಳು.

ನಾಚಿಕೆಯಾಯ್ತು. ಮತ್ತೆ ಮೂಲ ಫೋಟೋ ತೆರೆದು, ಈ ಸಲ ಡಿಸೈನನ್ನೇ ಬದಲಿಸಿದೆ. ಬಣ್ಣವನ್ನು ಗಾಢ ಕಂದಿಗೆ ತಂದೆ. ಸಣ್ಣ ಜಾಲರಿ ತೆಗೆದು ಗೆರೆಗಳನ್ನು ದಪ್ಪ ಮಾಡಿದೆ. ಮೆಹಂದಿ ಬಣ್ಣ ಚರ್ಮದೊಳಗೇ ಇಳಿದಿರುವುದರಿಂದ ಚರ್ಮದ ಹೊಳಪನ್ನು ಮುಚ್ಚೋದಿಲ್ಲ. ಹಾಗಾಗಿ ಕಿಟಕಿ ಬೆಳಕು ಬಿದ್ದ ಗೆಣ್ಣುಗಳ ಹತ್ತಿರ ಮಾಸ್ಕಿನಿಂದ ಗೆರೆಯನ್ನು ತುಸು ತೆಳುವಾಗಿಸಿದೆ.

ಮೆಹಂದಿ ಹಾಕುವಾಕೆ ಆ ಚಿತ್ರ ನೋಡಿ, "ಸರಿಯಾಗದೆ. ಹಿಂಬದಿಗೆ ದಪ್ಪ ಗೆರೆನೇ ಬೇಕು. ಸಣ್ಣ ಕೆಲ್ಸ ಅಂಗೈಗೆ ಹಾಕ್ತೀನಿ, ಅಲ್ಲಿ ಬಣ್ಣನೂ ಚೆನ್ನಾಗಿ ಹಿಡಿಯುತ್ತೆ" ಅಂದರಂತೆ.